ಏಳು ಗಂಟೆಯ ಸಂದೇಶ: ಒಂದು ಕಥೆ ಕಟ್ಟುವ ಬಗೆ

(ಕಥಾ ಕಮ್ಮಟವೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಒಂದು ಕಥೆಯನ್ನು ಮುಂದಿಟ್ಟುಕೊಂಡು ಮಾತಾಡೋಣ. ಇದು ಎಲ್ಲೂ ಅಚ್ಚಾದ ಕಥೆಯಲ್ಲ, ಈ ಉಪನ್ಯಾಸಕ್ಕೆಂದೇ ಕಟ್ಟಿದ್ದು. ಶಿವಮೊಗ್ಗದಲ್ಲಿ ಅಪ್ಪ, ಅಮೆರಿಕದ ನ್ಯೂಜೆರ್ಸಿಯಲ್ಲಿ ಮಗಳು. ಮಗಳು ಎದ್ದು ಫೋನ್ ಕೈಗೆತ್ತಿಕೊಳ್ಳುವ ಬೆಳಗಿನ ಏಳು ಗಂಟೆಗೆ ಅಪ್ಪನ ಸಂದೇಶವೊಂದು ದಿನಾ ಬಂದಿರುತ್ತದೆ. ಅವುಗಳಲ್ಲಿ ಕೆಲವನ್ನು ಆತ ಮೊದಲೇ ಬರೆದು, ಇಂಥ ಹೊತ್ತಿಗೆ ಹೋಗಲಿ ಎಂದು ಹೊತ್ತು ಗೊತ್ತು ಮಾಡಿ ಇಟ್ಟಿರುತ್ತಾನೆ. ಕಥಾವಸ್ತು ಇಷ್ಟೇ.

ಈ ವಸ್ತು ಕೊಟ್ಟರೆ ಹತ್ತರಲ್ಲಿ ಎಂಟು ಜನ ಒಂದೇ ಕಥೆ ಬರೆಯುತ್ತಾರೆ: ಅಪ್ಪ ತೀರಿಕೊಂಡಿದ್ದಾನೆ, ಸಂದೇಶಗಳು ಮಾತ್ರ ಬರುತ್ತಲೇ ಇವೆ. ಓದುಗರ ಕಣ್ಣು ತೇವವಾಗುತ್ತದೆ, ನಿಜ. ಆದರೆ ಆ ಕಥೆಯಲ್ಲಿ ಅಪ್ಪನಿಗೆ ಮಾಡಲು ಏನೂ ಉಳಿದಿರುವುದಿಲ್ಲ, ಎಲ್ಲವನ್ನೂ ಯಂತ್ರವೇ ಮಾಡುತ್ತದೆ. ಯಂತ್ರಕ್ಕೂ ಮಿತಿ ಇದೆ. ಟೆಲಿಗ್ರಾಮ್‌ನಲ್ಲಿ ಒಬ್ಬರ ಚಾಟ್‌ಗೆ ಹೀಗೆ ನೂರು ಸಂದೇಶಗಳನ್ನಷ್ಟೇ ಕೂಡಿಡಬಹುದು, ಜಿಮೇಲ್‌ನಲ್ಲೂ ನೂರೇ. ಸತ್ತ ಅಪ್ಪನಿಂದ ಹತ್ತು ವರ್ಷ ದಿನಾ ಸಂದೇಶ ಬಂತು ಎಂದು ಬರೆದರೆ, ನೂರಾ ಒಂದನೆಯ ದಿನವೇ ಬಲ್ಲ ಓದುಗ ಪುಸ್ತಕ ಕೆಳಗಿಡುತ್ತಾನೆ. ಅದಕ್ಕೇ ನಮ್ಮ ಕಥೆಯ ಅಪ್ಪ ಬದುಕಿದ್ದಾನೆ, ಕೊನೆಯವರೆಗೂ ಬದುಕಿರುತ್ತಾನೆ.

ಹಾಗಿದ್ದರೆ ಮೊದಲ ಪ್ರಶ್ನೆ: ಬದುಕಿರುವ ಅಪ್ಪ ಆ ಹೊತ್ತಿಗೇ ಕೂತು ಯಾಕೆ ಕಳಿಸುವುದಿಲ್ಲ? ನ್ಯೂಜೆರ್ಸಿಯಲ್ಲಿ ಬೆಳಗ್ಗೆ ಏಳಾದಾಗ ಚಳಿಗಾಲದಲ್ಲಿ ನಮ್ಮಲ್ಲಿ ಸಂಜೆ ಐದೂವರೆ. ನಿವೃತ್ತನಾದವನು ಕಾಫಿ ಕುಡಿದು ಕೂತಿರುವ ಹೊತ್ತು. ಮೊದಲೇ ಬರೆದಿಡುವ ಅಗತ್ಯವೇ ಇಲ್ಲ. ಆ ಅಗತ್ಯವನ್ನು ನಾವು ಹುಟ್ಟಿಸಬೇಕು. ಅದು ಗಟ್ಟಿಯಾಗಿರದಿದ್ದರೆ ಕಥೆ ನಿಲ್ಲುವುದಿಲ್ಲ.

ಈ ಕಥೆಯಲ್ಲಿ ಅಪ್ಪನಿಗೆ ಡಯಾಲಿಸಿಸ್ ನಡೆಯುತ್ತಿದೆ. ಮಗಳಿಗೆ ಹೇಳಿಲ್ಲ. ಸೋಮವಾರ, ಬುಧವಾರ, ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಮಲಗಿದರೆ ಏಳುವುದು ಆರಕ್ಕೆ. ವಾರಕ್ಕೆ ಮೂರು ಸಲ, ಸಲಕ್ಕೆ ಸುಮಾರು ನಾಲ್ಕು ಗಂಟೆ ಎನ್ನುವುದೇ ಸಾಮಾನ್ಯ ಕ್ರಮ. ಮಗಳ ಏಳು ಗಂಟೆ ಸರಿಯಾಗಿ ಈ ನಾಲ್ಕು ಗಂಟೆಗಳ ಒಳಗೆ ಬೀಳುತ್ತದೆ.

ಇಲ್ಲಿ ಕಥೆಗಾರರು ಸುಲಭವಾಗಿ ಜಾರುತ್ತಾರೆ. ‘ಕೈಗೆ ಸೂಜಿ ಚುಚ್ಚಿರುವುದರಿಂದ ಟೈಪ್ ಮಾಡಲಾಗುವುದಿಲ್ಲ’ ಎಂದು ಬರೆದುಬಿಡುತ್ತಾರೆ. ಡಯಾಲಿಸಿಸ್‌ಗೆಂದು ಮುಂಗೈಯಲ್ಲೋ ತೋಳಿನಲ್ಲೋ ಮಾಡುವ ಫಿಸ್ಟುಲಾ, ಅಂದರೆ ಅಪಧಮನಿಯನ್ನೂ ಅಭಿಧಮನಿಯನ್ನೂ ಸೇರಿಸಿ ಹೊಲಿದ ಜಾಗ, ಸಾಮಾನ್ಯವಾಗಿ ಹೆಚ್ಚು ಬಳಸದ ಕೈಯಲ್ಲಿರುತ್ತದೆ. ಬಲಗೈ ರೂಢಿಯವರಿಗೆ ಎಡಗೈಯಲ್ಲಿ. ಆ ಕೈಯನ್ನು ಅಲುಗಿಸಬಾರದು, ಆದರೆ ಬಲಗೈ ಖಾಲಿಯೇ ಇದೆ. ಎಷ್ಟೋ ಜನ ಅದೇ ಕೈಯಲ್ಲಿ ಫೋನ್ ಹಿಡಿದು ವಿಡಿಯೊ ನೋಡುತ್ತಾ ಮಲಗಿರುತ್ತಾರೆ. ಈ ಕಾರಣ ಕೊಟ್ಟರೆ ವಾರ್ಡು ಕಂಡವರು ಒಪ್ಪುವುದಿಲ್ಲ.

ನಿಜವಾದ ಕಾರಣ ಬೇರೆ. ಆತ ಆ್ಯಪ್ ತೆರೆದು ಸಂದೇಶ ಕಳಿಸಿದರೆ ಮಗಳಿಗೆ ‘ಆನ್‌ಲೈನ್’ ಎಂದು ಕಾಣುತ್ತದೆ. ಕಂಡ ತಕ್ಷಣ ಆಕೆ ವಿಡಿಯೊ ಕಾಲ್ ಮಾಡುತ್ತಾಳೆ, ಮಕ್ಕಳು ಮಾಡುವುದೇ ಹಾಗೆ. ಎತ್ತಿದರೆ ಹಿಂದೆ ಯಂತ್ರದ ಅಲಾರಂ ಕೇಳುತ್ತದೆ, ಸಾಲು ಮಂಚಗಳು ಕಾಣುತ್ತವೆ. ಎತ್ತದಿದ್ದರೆ ‘ಈಗಷ್ಟೇ ಆನ್‌ಲೈನ್ ಇದ್ದರಲ್ಲ, ಯಾಕೆ ಎತ್ತಲಿಲ್ಲ’ ಎಂಬ ಪ್ರಶ್ನೆ. ಮೊದಲೇ ಇಟ್ಟ ಸಂದೇಶ ಆತ ಆ್ಯಪ್ ತೆರೆಯದೆಯೇ ಹೋಗುತ್ತದೆ. ಫೋನ್ ಹೆಂಡತಿಯ ಚೀಲದಲ್ಲಿ ಬಿದ್ದಿರಬಹುದು, ಆಫ್ ಆಗಿಯೂ ಇರಬಹುದು.

ಯಾವ ಆ್ಯಪ್ ಎನ್ನುವುದನ್ನು ಕಥೆಗಾರ ಮೊದಲೇ ನಿರ್ಧರಿಸಬೇಕು ಎನ್ನುವುದು ಇದಕ್ಕೇ. ಕೇಳಬೇಕಾದ ಪ್ರಶ್ನೆ ಒಂದೇ: ಬರೆದ ಸಂದೇಶ ತನ್ನ ಹೊತ್ತು ಬರುವವರೆಗೆ ಎಲ್ಲಿ ಕಾದಿರುತ್ತದೆ? ಆಂಡ್ರಾಯ್ಡ್ ಫೋನಿನ ಗೂಗಲ್ ಮೆಸೇಜಸ್‌ನಲ್ಲಿ ಎಸ್‌ಎಂಎಸ್‌ಗೆ ಹೊತ್ತು ಗೊತ್ತು ಮಾಡಿದರೆ ಅದು ಫೋನಿನೊಳಗೇ ಕಾಯುತ್ತದೆ. ಆ ಗಳಿಗೆಯಲ್ಲಿ ಫೋನ್ ಆನ್ ಇರಬೇಕು, ನೆಟ್‌ವರ್ಕ್ ಸಿಗಬೇಕು. ನೆಲಮಾಳಿಗೆಯ ವಾರ್ಡಿನಲ್ಲಿ ಸಿಗ್ನಲ್ ಇಲ್ಲದಿದ್ದರೆ ಸಂದೇಶ ಹೋಗುವುದಿಲ್ಲ, ಅಲ್ಲಿಂದ ಇನ್ನೊಂದು ಕಥೆ ಶುರುವಾಗುತ್ತದೆ. ಅದೂ ಒಳ್ಳೆಯ ಕಥೆಯೇ, ಆದರೆ ನಮ್ಮದಲ್ಲ. ಟೆಲಿಗ್ರಾಮ್‌ನಲ್ಲಿ ಸಂದೇಶ ಕಂಪನಿಯ ಸರ್ವರ್‌ನಲ್ಲಿ ಕಾಯುತ್ತದೆ. ಅಪ್ಪನ ಫೋನಿಗೆ ಏನಾದರೂ ಆಗಲಿ, ಐದೂವರೆಗೆ ಅದು ಹೊರಡುತ್ತದೆ. ವಾಟ್ಸಾಪ್‌ನಲ್ಲಿ ಈ ಸೌಲಭ್ಯ ಬಹುಕಾಲ ಇರಲೇ ಇಲ್ಲ. ಆದ್ದರಿಂದ ‘ಅಪ್ಪ ವಾಟ್ಸಾಪ್‌ನಲ್ಲಿ ಶೆಡ್ಯೂಲ್ ಮಾಡಿದ್ದ’ ಎಂದು ಬರೆಯುವ ಮೊದಲು ಕಥೆ ನಡೆಯುವ ವರ್ಷವನ್ನು ನೋಡಿಕೊಳ್ಳಿ.

ಅಪ್ಪನಿಗೆ ಇದನ್ನು ಕಲಿಸಿದವರು ಯಾರು? ಪಕ್ಕದ ಮಂಚದ ರೋಗಿಯ ಜೊತೆ ಬರುವ ಕಾಲೇಜು ಹುಡುಗ ಅಂದುಕೊಳ್ಳೋಣ. ಸಂದೇಶ ಬರೆದು, ಕಳಿಸುವ ಬಾಣದ ಗುರುತನ್ನು ಒತ್ತಿ ಹಿಡಿಯಬೇಕು. ಆಗ `Schedule Message` ಎಂದು ಬರುತ್ತದೆ, ಅದನ್ನು ಮುಟ್ಟಿ ದಿನ ಮತ್ತು ಹೊತ್ತು ಆರಿಸಬೇಕು. ಒತ್ತಿ ಹಿಡಿಯದೆ ಸುಮ್ಮನೆ ಮುಟ್ಟಿದರೆ ಸಂದೇಶ ಆಗಲೇ ಹೋಗಿಬಿಡುತ್ತದೆ, ಹೊಸಬರೆಲ್ಲ ಎಡವುವುದು ಅಲ್ಲೇ. ಅಲ್ಲಿ ಕೇಳುವ ಹೊತ್ತು ಅಪ್ಪನ ಫೋನಿನ ಹೊತ್ತು, ಅಂದರೆ ಭಾರತದ್ದು. ಈ ಕೊನೆಯ ವಿಷಯವನ್ನು ನೆನಪಿಡಿ, ಕಥೆ ತಿರುಗುವುದು ಅದರ ಮೇಲೆಯೇ.

ಇನ್ನು ಬರವಣಿಗೆ. ಅಪ್ಪ ಈ ಮೂರು ಸಂದೇಶಗಳನ್ನು ಯಾವಾಗ ಬರೆಯುತ್ತಾನೆ? ನೀವು ಭಾನುವಾರ ಎನ್ನುತ್ತೀರಿ. ಆದರೆ ಶುಕ್ರವಾರದಿಂದ ಸೋಮವಾರದವರೆಗಿನ ಬಿಡುವು ಅವನಿಗೆ ವಾರದಲ್ಲೇ ಉದ್ದದ್ದು. ಹೊರಹೋಗದ ನೀರು ಮೈಯಲ್ಲಿ ಸೇರುತ್ತಾ ಹೋಗುತ್ತದೆ, ಭಾನುವಾರದ ಹೊತ್ತಿಗೆ ಕಾಲು ಊದಿಕೊಂಡು ಮೆಟ್ಟಿಲು ಹತ್ತಿದರೆ ಏದುಸಿರು ಬರಬಹುದು. ಶುಕ್ರವಾರ ಸಂಜೆ ಸುಸ್ತು. ಮೈ ಹಗುರವಾಗಿ ಮನಸ್ಸು ಕೂರುವುದು ಶನಿವಾರ ಬೆಳಗ್ಗೆ. ಆದ್ದರಿಂದ ಅವನು ಬರೆಯುವುದು ಶನಿವಾರ. ಓದುಗನಿಗೆ ಈ ಲೆಕ್ಕವನ್ನೆಲ್ಲ ಹೇಳಬೇಕಿಲ್ಲ, ಬರೆಯುವವನಿಗೆ ಗೊತ್ತಿದ್ದರೆ ಸಾಕು.

ಶನಿವಾರ ಬರೆದದ್ದು ಬುಧವಾರ ತಲುಪಿದರೆ ಏನಾಗುತ್ತದೆ? ಎರಡು ಬಗೆಯ ಸಂದೇಶಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಇದು 2026ರ ಜನವರಿ 13, ಮಂಗಳವಾರ, ಅಪ್ಪ ಆ ಹೊತ್ತಿಗೇ ಕೂತು ಬರೆದದ್ದು:

‘ಪುಟ್ಟೀ ಎದ್ಯಾ. ಕಬ್ಬು ತಂದೆ ಜೋಡಿಗೆ ನೂರು ಅಂದ, ಎಂಬತ್ತಕ್ಕೆ ಕೊಟ್ಟ. ಅಮ್ಮ ಬೈತಾ ಇದಾಳೆ ತೆಳ್ಳಗಿದೆ ಅಂತ. ಇಲ್ಲಿ ಬೆಳಗ್ಗೆ ಮಂಜು ಜಾಸ್ತಿ ಇತ್ತು’

ಇದು ಮರುದಿನ ಸಂಕ್ರಾಂತಿಯಂದು ಬಂದದ್ದು, ಬರೆದದ್ದು ಹಿಂದಿನ ಶನಿವಾರ:

‘ಪುಟ್ಟೀ, ಸಂಕ್ರಾಂತಿ ಹಬ್ಬದ ಶುಭಾಶಯ. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು. ಚಳಿಯಲ್ಲಿ ಸ್ವೆಟರ್ ಇಲ್ಲದೆ ಹೊರಗೆ ಹೋಗಬೇಡ.’

ಎರಡನೆಯದರಲ್ಲಿ ಪ್ರೀತಿ ಕಡಿಮೆ ಇಲ್ಲ. ಆದರೆ ಅದರಲ್ಲಿ ಆ ದಿನ ಇಲ್ಲ. ಬೆಲೆ ಇಲ್ಲ, ಮಂಜು ಇಲ್ಲ, ಅಮ್ಮನ ಬೈಗುಳ ಇಲ್ಲ. ವಾಕ್ಯದ ಕೊನೆಗೆ ಚುಕ್ಕಿ ಬಿದ್ದಿದೆ, ಯಾಕೆಂದರೆ ಬರೆದಾದ ಮೇಲೆ ತಿದ್ದಲು ಪುರುಸೊತ್ತಿತ್ತು. ಈ ವ್ಯತ್ಯಾಸವನ್ನು ನಿರೂಪಣೆಯಲ್ಲಿ ವಿವರಿಸಬೇಡಿ. ಆರೇಳು ಸಂದೇಶಗಳನ್ನು ದಿನಾಂಕದೊಡನೆ ಹಾಗೇ ಕೊಡಿ, ಓದುಗರ ಕಿವಿಗೆ ತಾನಾಗಿ ತಟ್ಟುತ್ತದೆ.

ಆದರೆ ಅಪ್ಪನಂಥ ಮಾತುಗಾರ ಸುದ್ದಿಯಿಲ್ಲದೆ ಬರೆಯಲು ಯಾಕೆ ಶುರುಮಾಡಿದ? ಅದಕ್ಕೂ ಕಾರಣ ಕೊಟ್ಟರೆ ಕಥೆ ಗಟ್ಟಿಯಾಗುತ್ತದೆ. ಹೀಗೆ ಮಾಡಬಹುದು: ಅದಕ್ಕೂ ಮುಂಚೆ, ಡಿಸೆಂಬರಿನಲ್ಲಿ, ಶನಿವಾರ ಕೂತು ಬುಧವಾರಕ್ಕೆಂದು ಆತ ಬರೆದ: ‘ಎದುರು ಮನೆ ಅಜ್ಜ ನಿನ್ನ ಕೇಳ್ತಾ ಇದ್ರು, ಯಾವಾಗ ಬರ್ತಾಳೆ ಅಂತ.’ ಬರೆದಾಗ ಅದು ಸತ್ಯವೇ. ಅಜ್ಜ ಮಂಗಳವಾರ ತೀರಿಕೊಂಡರು. ಹೋಗುವ ಮೊದಲು ಇಂಥ ಸಂದೇಶವನ್ನು ಅಳಿಸಬಹುದು, ತಿದ್ದಲೂಬಹುದು. ಟೆಲಿಗ್ರಾಮ್‌ನಲ್ಲಿ ಬರೆಯುವ ಜಾಗದ ಪಕ್ಕದ ಗುರುತು ಮುಟ್ಟಿದರೆ ಕಾದಿರುವುದೆಲ್ಲ ಸಾಲಾಗಿ ಕಾಣುತ್ತದೆ. ಸಾವಿನ ಮನೆಯ ಓಡಾಟದಲ್ಲಿ ಅಪ್ಪನಿಗೆ ಮರೆತುಹೋಯಿತು. ಮಗಳಿಗೆ ಸೋದರತ್ತೆಯ ಮಗನಿಂದ ಸಾವಿನ ಸುದ್ದಿ ಮೊದಲೇ ತಲುಪಿತ್ತು. ಮರುದಿನ ಏಳಕ್ಕೆ, ಅಜ್ಜ ನಿನ್ನ ಕೇಳ್ತಾ ಇದ್ದರು ಎಂಬ ಅಪ್ಪನ ಮಾತು ಬಂತು. ಆಕೆ ಹೆದರಿದ್ದು ಅಪ್ಪನಿಗೆ ಮರೆವು ಶುರುವಾಯಿತೇ ಎಂದು. ಅಪ್ಪ ಗುರುವಾರ ‘ನಿನ್ನೆ ತಲೆ ಓಡಲಿಲ್ಲ ಪುಟ್ಟೀ’ ಎಂದು ಸಾಗಹಾಕಿದ. ಅಂದಿನಿಂದ ಮೊದಲೇ ಬರೆದಿಡುವ ಸಂದೇಶದಲ್ಲಿ ಜನರ ಸುದ್ದಿ ಹಾಕುವುದನ್ನೇ ಬಿಟ್ಟ. ಈ ಒಂದು ಪ್ರಸಂಗದಿಂದ ಮಗಳು ತಪ್ಪು ದಾರಿ ಹಿಡಿಯುತ್ತಾಳೆ, ಅಪ್ಪನ ಬರವಣಿಗೆ ಬದಲಾದದ್ದಕ್ಕೆ ಕಾರಣವೂ ಸಿಗುತ್ತದೆ. ಇಂಥ ಕಡೆ ಎರಡು ಪ್ಯಾರಾ ನಿಂತರೂ ನಷ್ಟವಿಲ್ಲ.

ಈಗ ಮಾರ್ಚ್ ತಿಂಗಳಿಗೆ ಬರೋಣ. ಕಥೆಯ ಗಂಟು ಬಿಚ್ಚುವುದು ಇಲ್ಲಿ.

ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಹಾಕುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ. 2007ರಿಂದ ಈ ದಿನಗಳೇ ನಡೆದುಬಂದಿವೆ. ಭಾರತದಲ್ಲಿ ಈ ಪದ್ಧತಿ ಇಲ್ಲ. ಹಾಗಾಗಿ ಚಳಿಗಾಲದಲ್ಲಿ ನ್ಯೂಜೆರ್ಸಿಗೂ ನಮಗೂ ಹತ್ತೂವರೆ ಗಂಟೆ ಅಂತರವಿದ್ದರೆ ಬೇಸಿಗೆಯಲ್ಲಿ ಒಂಬತ್ತೂವರೆ. ‘ಅಲ್ಲಿ ಹಗಲಾದರೆ ಇಲ್ಲಿ ರಾತ್ರಿ’ ಎಂದು ಬರೆದು ಮುಂದೆ ಹೋಗುವವರಿಗೆ ಈ ಒಂದು ಗಂಟೆ ಕಣ್ಣಿಗೇ ಬೀಳುವುದಿಲ್ಲ. ನಮ್ಮ ಕಥೆಗೆ ಅದೇ ಆಧಾರ.

2026ರಲ್ಲಿ ಆ ಭಾನುವಾರ ಮಾರ್ಚ್ 8. ಅಪ್ಪನಿಗೆ ಎರಡು ರೂಢಿಗಳಿವೆ. ತಾನೇ ಕೂತು ಕಳಿಸುವ ದಿನ ಆತ ಫೋನಿನಲ್ಲಿ ಇಟ್ಟುಕೊಂಡ ನ್ಯೂಯಾರ್ಕ್ ಗಡಿಯಾರ ನೋಡುತ್ತಾನೆ, ಅದು ಏಳು ತೋರಿಸಿದಾಗ ಕಳಿಸುತ್ತಾನೆ. ಎಷ್ಟೋ ವರ್ಷಗಳ ಅಭ್ಯಾಸವದು. ಮೊದಲೇ ಇಡುವಾಗ ಮಾತ್ರ ‘ಐದೂವರೆ’ ಎಂದು ಇಡುತ್ತಾನೆ, ಏಕೆಂದರೆ ಡಯಾಲಿಸಿಸ್ ಶುರುವಾದದ್ದು ಡಿಸೆಂಬರಿನಲ್ಲಿ, ಅಂದಿನಿಂದ ಐದೂವರೆಯೇ ಸರಿಯಾಗಿ ಬಂದಿದೆ. ಮಾರ್ಚ್ 7ರ ಶನಿವಾರವೂ ಹಾಗೇ ಇಟ್ಟ. ಮಾರನೆಯ ದಿನ ಅಲ್ಲಿ ಗಡಿಯಾರ ಮುಂದೆ ಹೋಯಿತು.

ಆ ವಾರ ಮಗಳ ಫೋನಿನಲ್ಲಿ ಏನಾಗುತ್ತದೆ ಎಂದು ಕಾಗದದ ಮೇಲೆ ಬರೆದು ನೋಡಿ. ಸೋಮವಾರ 9ರಂದು ಮೊದಲೇ ಇಟ್ಟ ಸಂದೇಶ ನಮ್ಮ ಐದೂವರೆಗೆ ಹೊರಟು ಆಕೆಗೆ ಎಂಟಕ್ಕೆ ತಲುಪುತ್ತದೆ. ಮಂಗಳವಾರ ಅಪ್ಪ ನ್ಯೂಯಾರ್ಕ್ ಗಡಿಯಾರ ನೋಡಿ ನಮ್ಮ ನಾಲ್ಕೂವರೆಗೇ ಕಳಿಸುತ್ತಾನೆ, ಆಕೆಗೆ ಏಳಕ್ಕೆ. ಬುಧವಾರ ಮತ್ತೆ ಎಂಟು. ಗುರುವಾರ ಏಳು. ಶುಕ್ರವಾರ ಎಂಟು. ಮೂರು ತಿಂಗಳು ಒಂದೇ ಸಾಲಿನಲ್ಲಿದ್ದ ಸಂದೇಶಗಳು ಒಂದೇ ವಾರದಲ್ಲಿ ಎರಡು ಸಾಲಾಗಿ ಬೇರೆಯಾಗುತ್ತವೆ. ಅಪ್ಪ ಏನನ್ನೂ ಬಾಯಿಬಿಟ್ಟಿಲ್ಲ, ಅಮ್ಮನೂ ಬಿಟ್ಟಿಲ್ಲ.

ಆದರೆ ಇಷ್ಟರಿಂದಲೇ ಡಯಾಲಿಸಿಸ್ ಎಂದು ಮಗಳಿಗೆ ಹೊಳೆಯುವುದು ಹೇಗೆ? ವಾರಕ್ಕೆ ಮೂರು ದಿನ ಯೋಗದ ಕ್ಲಾಸೂ ಇರಬಹುದು. ಇಲ್ಲಿ ಸುಳಿವುಗಳನ್ನು ಮೊದಲೇ ಬಿತ್ತಿರಬೇಕು. ಎರಡು ವರ್ಷದ ಹಿಂದೆ ಅಪ್ಪನ ‘ಕ್ರಿಯಾಟಿನಿನ್ ಸ್ವಲ್ಪ ಜಾಸ್ತಿ’ ಎಂದದ್ದು ಕಥೆಯ ಮೊದಲ ಪುಟದಲ್ಲೇ, ಬೇರೆ ಮಾತಿನ ನಡುವೆ ಬಂದಿರಲಿ. ಮಗಳ ಕೆಲಸವನ್ನೂ ಯೋಚಿಸಿ ಆರಿಸಿ. ವೈದ್ಯಕೀಯ ವಿಮೆಯ ಬಿಲ್ಲುಗಳನ್ನು ನೋಡುವ ಕೆಲಸವಾದರೆ, ಒಬ್ಬನೇ ರೋಗಿಯ ಹೆಸರಲ್ಲಿ ಸೋಮ, ಬುಧ, ಶುಕ್ರ ಎಂದು ಸಾಲಾಗಿ ಬರುವ ಬಿಲ್ಲುಗಳು ಆಕೆಗೆ ದಿನನಿತ್ಯದ ನೋಟ. ಅಮೆರಿಕದಲ್ಲೂ ಡಯಾಲಿಸಿಸ್ ಕೇಂದ್ರಗಳು ನಡೆಯುವುದು ಸೋಮ-ಬುಧ-ಶುಕ್ರ ಅಥವಾ ಮಂಗಳ-ಗುರು-ಶನಿ ಎಂಬ ಲೆಕ್ಕದಲ್ಲೇ.

ಇನ್ನೊಂದು ಸುಳಿವು ಟಿಕ್ ಗುರುತು. ಟೆಲಿಗ್ರಾಮ್‌ನಲ್ಲಿ ಒಂದು ಟಿಕ್ ಎಂದರೆ ಕಳಿಸಿದ್ದು ಸರ್ವರ್ ಮುಟ್ಟಿತು, ಎರಡು ಎಂದರೆ ಓದಿದರು. ಬೇರೆ ದಿನ ಮಗಳ ಉತ್ತರಕ್ಕೆ ಕೂಡಲೇ ಎರಡು ಟಿಕ್ ಬೀಳುತ್ತದೆ. ಈ ಮೂರು ದಿನ ಒಂದೇ ಟಿಕ್ ಸುಮಾರು ಒಂದು ಗಂಟೆ ಹಾಗೇ ನಿಂತಿರುತ್ತದೆ. ಆರಕ್ಕೆ ಯಂತ್ರ ನಿಲ್ಲಿಸಿ, ಸೂಜಿ ತೆಗೆದ ಜಾಗವನ್ನು ರಕ್ತ ನಿಲ್ಲುವವರೆಗೆ ಒತ್ತಿ ಹಿಡಿದು, ತೂಕ ನೋಡಿ, ಆಮೇಲೆ ಅಪ್ಪ ಚೀಲದಿಂದ ಫೋನ್ ತೆಗೆಯುವುದು ಆರೂವರೆಗೆ. ಸಂದೇಶ ಕಳಿಸಿದ ಮನುಷ್ಯನೇ ಅದರ ಉತ್ತರವನ್ನು ಒಂದು ಗಂಟೆ ನೋಡುವುದಿಲ್ಲ ಎನ್ನುವುದು ಮೊದಮೊದಲು ಆಕೆಗೆ ವಿಚಿತ್ರ ಎನಿಸುವುದಿಲ್ಲ, ಅಪ್ಪ ವಾಕಿಂಗ್ ಹೋಗಿರಬೇಕು ಅಂದುಕೊಳ್ಳುತ್ತಾಳೆ.

ಮೂರನೆಯದು ತುಂಬುತೋಳಿನ ಅಂಗಿ. ಭಾನುವಾರದ ವಿಡಿಯೊ ಕಾಲ್‌ನಲ್ಲಿ ಅಪ್ಪ ತುಂಬುತೋಳು ತೊಟ್ಟು ಕೂರುತ್ತಾನೆ, ಮಾರ್ಚ್‌ನ ಸೆಕೆಯಲ್ಲೂ. ಫಿಸ್ಟುಲಾ ಇರುವ ಕೈಯಲ್ಲಿ ನರ ಬಳ್ಳಿಯ ಹಾಗೆ ಉಬ್ಬಿ ಕಾಣುತ್ತದೆ. ಇದನ್ನು ಬಳಸುವವರು ಒಂದು ಎಚ್ಚರ ವಹಿಸಬೇಕು. ಫಿಸ್ಟುಲಾ ಮಾಡಿದ ಮರುದಿನವೇ ಅದಕ್ಕೆ ಸೂಜಿ ಹಾಕಲು ಬರುವುದಿಲ್ಲ, ರಕ್ತನಾಳ ದಪ್ಪವಾಗಿ ಗಟ್ಟಿಯಾಗಲು ಎಷ್ಟೋ ವಾರ ಬೇಕು. ಅಷ್ಟರೊಳಗೆ ತುರ್ತಾಗಿ ಡಯಾಲಿಸಿಸ್ ಶುರುಮಾಡಬೇಕಾದರೆ ಸಾಮಾನ್ಯವಾಗಿ ಕುತ್ತಿಗೆಯ ಬಳಿ ಕೊಳವೆ ಹಾಕುತ್ತಾರೆ, ಅದನ್ನು ತುಂಬುತೋಳಿನಿಂದ ಮುಚ್ಚಲಾಗದು. ನಮ್ಮ ಅಪ್ಪ ಡಿಸೆಂಬರಿನಲ್ಲಿ ಶುರುಮಾಡಿದವನಾದ್ದರಿಂದ ಕೈಯ ಶಸ್ತ್ರಚಿಕಿತ್ಸೆ ಸೆಪ್ಟೆಂಬರ್ ಹೊತ್ತಿಗೇ ಆಗಿರಬೇಕು. ಆ ತಿಂಗಳು ಮನೆಯವರು ಮಗಳಿಗೆ ಏನು ಹೇಳಿದ್ದರು? ‘ಅಪ್ಪ ಬಾತ್‌ರೂಮಿನಲ್ಲಿ ಜಾರಿ ಕೈ ಸ್ವಲ್ಪ ಉಳುಕಿದೆ.’ ಈ ಒಂದು ಸಾಲು ಮೊದಲ ಪುಟದಲ್ಲಿ ಕ್ರಿಯಾಟಿನಿನ್ ಮಾತಿನಿಂದ ಸ್ವಲ್ಪ ದೂರದಲ್ಲಿರಲಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಓದುಗ ಆಗಲೇ ಹಿಡಿದುಬಿಡುತ್ತಾನೆ.

ಕಥೆಯನ್ನು ಯಾರ ಕಡೆಯಿಂದ ಹೇಳಬೇಕು? ಅಪ್ಪನ ಕಡೆಯಿಂದ ಹೇಳಿದರೆ ವಾರ್ಡು, ಯಂತ್ರ, ನೋವು ಎಲ್ಲ ತೋರಿಸಬಹುದು, ಆದರೆ ಮಾರ್ಚ್‌ನ ಆ ವಾರಕ್ಕೆ ಬಲವೇ ಇರುವುದಿಲ್ಲ. ಮಗಳ ಕಡೆಯಿಂದ ಹೇಳಿದರೆ ಓದುಗನಿಗೂ ಪರದೆಯ ಮೇಲೆ ಕಂಡದ್ದಷ್ಟೇ ಸಿಗುತ್ತದೆ, ಆಕೆಯ ಜೊತೆ ಅವನೂ ಲೆಕ್ಕ ಹಾಕುತ್ತಾನೆ. ನನ್ನ ಆಯ್ಕೆ ಮಗಳು. ವಾರ್ಡು ಕಥೆಯಲ್ಲಿ ಒಮ್ಮೆಯೂ ಕಾಣುವುದು ಬೇಡ.

ಕೊನೆಗೆ ಏನು ಮಾಡಬೇಕು ಎಂಬಲ್ಲಿ ಮೂರು ದಾರಿಗಳು ತೋರುತ್ತವೆ. ಆಕೆ ವಿಮಾನ ಹತ್ತಿ ಬರಬಹುದು. ಆದರೆ ಬಂದು ತಬ್ಬಿಕೊಂಡರೆ ಅದು ಯಾವ ಕಥೆಯ ಕೊನೆಯೂ ಆಗಬಹುದು, ಏಳು-ಎಂಟರ ಲೆಕ್ಕಕ್ಕೆ ಅಲ್ಲಿ ಕೆಲಸವಿಲ್ಲ. ಆಕೆಯೂ ತನ್ನ ಉತ್ತರಗಳನ್ನು ಆರೂವರೆಗೆ ತಲುಪುವಂತೆ ಹೊತ್ತು ಗೊತ್ತು ಮಾಡಿ ಇಡಬಹುದು. ಇದು ಚೆಂದ ಕಾಣುತ್ತದೆ, ಆದರೆ ಅಪ್ಪ-ಮಗಳು ಇಬ್ಬರೂ ಸುಳ್ಳನ್ನು ಹಾಗೇ ಮುಂದುವರಿಸಿದಂತಾಗುತ್ತದೆ. ತಂದೆ ಕಾಯಿಲೆಯಲ್ಲಿರುವಾಗ ಈ ಮಗಳು ಹಾಗೆ ಮಾಡುವವಳಲ್ಲ.

ಮೂರನೆಯ ದಾರಿಯೇ ಸರಿ ಎನಿಸುತ್ತದೆ: ಆಕೆ ನೇರ ಕೇಳುತ್ತಾಳೆ, ಆದರೆ ‘ಯಾಕೆ ಮುಚ್ಚಿಟ್ಟೆ’ ಎಂದು ಕೇಳುವುದಿಲ್ಲ. ಡಯಾಲಿಸಿಸ್‌ಗೆ ಮಲಗುವ ಮೊದಲೂ ಎದ್ದ ಮೇಲೂ ತೂಕ ನೋಡುತ್ತಾರೆ, ಮೈಯಲ್ಲಿ ಸೇರಿದ್ದ ಹೆಚ್ಚುವರಿ ನೀರನ್ನು ಯಂತ್ರ ತೆಗೆದಿರುತ್ತದೆ, ಸಾಮಾನ್ಯವಾಗಿ ಎರಡು ಮೂರು ಲೀಟರು. ವಾರ್ಡಿನ ಹೊರಗೆ ರೋಗಿಗಳು, ಮನೆಯವರು ಒಬ್ಬರನ್ನೊಬ್ಬರು ಕೇಳುವ ಮಾತು ಅದೇ: ‘ಇವತ್ತು ಎಷ್ಟು ತೆಗೆದ್ರು?’ ಮುಂದಿನ ಮಂಗಳವಾರ, ಮಾರ್ಚ್ 17ರಂದು ಏಳು ಗಂಟೆಗೆ ಅಪ್ಪನ ಸಂದೇಶ ಬರುತ್ತದೆ, ಹಲಸಿನಕಾಯಿ ಬಿಟ್ಟದ್ದರ ಬಗ್ಗೆ. ಆಕೆ ಬರೆಯುತ್ತಾಳೆ:

‘ಅಪ್ಪಾ, ನಿನ್ನೆ ಎಷ್ಟು ತೆಗೆದ್ರು?’

ಮಂಗಳವಾರವಾದ್ದರಿಂದ ಅಪ್ಪ ಫೋನ್ ಹಿಡಿದೇ ಕೂತಿದ್ದಾನೆ. ಎರಡು ಟಿಕ್ ಕೂಡಲೇ ಬೀಳುತ್ತದೆ. ಉತ್ತರ ಬರಲು ಎಷ್ಟು ಹೊತ್ತಾಯಿತು ಎಂಬುದನ್ನು ಒಂದು ಸಾಲಿನಲ್ಲಿ ಹೇಳಿ, ಅಪ್ಪನ ಉತ್ತರ ಕೊಡಿ: ‘ಎರಡು ಕಾಲು ಲೀಟರು. ನಿನಗೆ ಯಾರು ಹೇಳಿದ್ದು?’

ಅಲ್ಲಿಗೆ ಕಥೆ ನಿಲ್ಲಬೇಕು. ಗಡಿಯಾರದ ಲೆಕ್ಕವನ್ನು ಮಗಳು ಅಪ್ಪನಿಗೆ ಬಿಡಿಸಿ ಹೇಳುವ ದೃಶ್ಯ ಬೇಡ, ಅದು ಈ ಪ್ರಶ್ನೆಗೆ ಮುಂಚೆಯೇ ಮುಗಿದಿರಬೇಕು. ಅಮೆರಿಕದ ಗಡಿಯಾರ ಬದಲಾಗುತ್ತದೆ ಎಂಬುದನ್ನೇ ಅರಿಯದ ಓದುಗರು ಬಹಳ ಇದ್ದಾರೆ, ಅವರನ್ನು ಬಿಟ್ಟು ಹೋಗುವಂತಿಲ್ಲ. ಆದ್ದರಿಂದ ಹಿಂದಿನ ನವೆಂಬರಿನ ಭಾಗದಲ್ಲೇ ಮಗಳ ಬಾಯಲ್ಲಿ ಒಂದು ಮಾತು ಬರಲಿ: ‘ಅಪ್ಪಾ, ನಾಳೆಯಿಂದ ಇಲ್ಲಿ ಒಂದು ಗಂಟೆ ಹಿಂದೆ.’ ಅದಕ್ಕೆ ಅಪ್ಪ, ‘ಗೊತ್ತು ಬಿಡು, ನನ್ನ ಫೋನಲ್ಲಿ ನಿನ್ನ ಗಡಿಯಾರ ಇದೆ’ ಎನ್ನಲಿ. ಆಗಿನ್ನೂ ಡಯಾಲಿಸಿಸ್ ಶುರುವಾಗಿಲ್ಲ, ಎಲ್ಲ ಸಂದೇಶವನ್ನೂ ಆತನೇ ಕೂತು ಕಳಿಸುತ್ತಿದ್ದಾನೆ, ಹಾಗಾಗಿ ಅಂತರ ಬದಲಾದರೂ ಏಳು ಏಳೇ ಆಗಿ ಉಳಿಯುತ್ತದೆ. ಮಾರ್ಚ್‌ನಲ್ಲಿ ಅದೇ ಅಪ್ಪನ ಸಂದೇಶ ಎಂಟಕ್ಕೆ ಬಂದಾಗ ಓದುಗನಿಗೆ ಕಾರಣ ಹುಡುಕಲು ಬೇಕಾದದ್ದೆಲ್ಲ ಕೈಯಲ್ಲಿರುತ್ತದೆ. ಬರೆದು ಮುಗಿಸಿದ ಮೇಲೆ ಕ್ಯಾಲೆಂಡರ್ ತೆಗೆದು ಪ್ರತಿ ಸಂದೇಶದ ದಿನಾಂಕ, ವಾರ, ಎರಡೂ ಊರಿನ ಹೊತ್ತು ಒಂದು ಹಾಳೆಯಲ್ಲಿ ಬರೆದು ತಾಳೆ ನೋಡಿ. ಒಂದು ಬುಧವಾರ ತಪ್ಪಿ ಗುರುವಾರವಾದರೂ ಮಗಳು ಹಾಕಿದ ಲೆಕ್ಕ ಕೂಡುವುದಿಲ್ಲ.